ಅಂತರ ನೋಡಿ ತಿದ್ದುವ ಯಂತ್ರಗಳು

ಯಂತ್ರವೊಂದು ತನ್ನ ಕೆಲಸದ ಫಲವನ್ನು ತಾನೇ ಅಳೆದು, ಆಗಬೇಕಾದದ್ದಕ್ಕೂ ಆಗಿರುವುದಕ್ಕೂ ಎಷ್ಟು ಅಂತರವಿದೆ ಎಂದು ನೋಡಿ, ಆ ಅಂತರ ಕಡಿಮೆಯಾಗುವ ಹಾಗೆ ಮುಂದಿನ ಕೆಲಸ ಮಾಡುವ ವಿಧಾನಕ್ಕೆ ಫೀಡ್‌ಬ್ಯಾಕ್ ನಿಯಂತ್ರಣ ಎಂದು ಹೆಸರು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದು ಎರಡು ಮೂರನೆಯ ವರ್ಷದ ಪಾಠ. ಅಲ್ಲಿ ಅದು ಸಮೀಕರಣಗಳ ರೂಪದಲ್ಲಿ ಬರುವುದರಿಂದ, ಪರೀಕ್ಷೆ ಪಾಸಾದವರಿಗೂ ಒಳಗಿನ ಹುರುಳು ಕೈಗೆ ಸಿಗದೆ ಹೋಗುವುದುಂಟು. ಮೊದಲ ವರ್ಷಕ್ಕೆ ಕಾಲಿಟ್ಟವರಿಗೆ ಇದನ್ನು ಪರಿಚಯಿಸಲು ಥರ್ಮೋಸ್ಟಾಟ್, ಕಾರಿನ ಕ್ರೂಸ್ ಕಂಟ್ರೋಲ್ ಮತ್ತು ಸೈಕಲ್ ಸವಾರಿ ಈ ಮೂರೇ ಸಾಕು. ಮೂರರಲ್ಲೂ ನಡೆಯುವುದು ಒಂದೇ ಸುತ್ತು: ಅಳತೆ, ಹೋಲಿಕೆ, ತಿದ್ದುಪಡಿ. ಆದರೆ ತಿದ್ದುಪಡಿ ಎಷ್ಟು ದೊಡ್ಡದಿರಬೇಕು, ಎಷ್ಟು ಬೇಗ ಬರಬೇಕು ಎಂಬುದು ಮೂರರಲ್ಲೂ ಬೇರೆ. ಈ ಶಾಸ್ತ್ರದ ಕಷ್ಟವೆಲ್ಲ ಆ ವ್ಯತ್ಯಾಸದಲ್ಲೇ ಇದೆ.

ಫೀಡ್‌ಬ್ಯಾಕ್ ಇಲ್ಲದ ಯಂತ್ರ ಹೇಗಿರುತ್ತದೆ ಎಂಬುದಕ್ಕೆ ಬಕೆಟ್‌ನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್ ಒಳ್ಳೆಯ ಉದಾಹರಣೆ. ಅದಕ್ಕೆ ನೀರಿನ ಬಿಸಿ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ತೆಗೆಯಬೇಕು ಎಂದು ಅಂದಾಜು ಮಾಡುವವರು ಮನೆಯವರು. ಬಕೆಟ್ ಅರ್ಧವೇ ತುಂಬಿದ್ದರೆ, ಚಳಿಗಾಲದಲ್ಲಿ ನಲ್ಲಿ ನೀರು ತಣ್ಣಗಿದ್ದರೆ, ವೋಲ್ಟೇಜ್ ಕುಸಿದಿದ್ದರೆ ಆ ಅಂದಾಜು ತಪ್ಪುತ್ತದೆ. ಮರೆತರೆ ನೀರು ಕುದಿಯುತ್ತದೆ. ಗೀಸರ್‌ನ ಒಳಗಿರುವುದೂ ಅಂಥದ್ದೇ ಕಾಯಿಲ್, ಜೊತೆಗೆ ಒಂದು ಥರ್ಮೋಸ್ಟಾಟ್. ಆ ಒಂದು ಬಿಡಿಭಾಗ ಸೇರಿದ್ದರಿಂದ ನೀರು ಎಷ್ಟಿದೆ, ಎಷ್ಟು ತಣ್ಣಗಿದೆ, ಕರೆಂಟು ಹೇಗಿದೆ ಎಂಬ ಯಾವ ವಿಷಯವನ್ನೂ ಮೊದಲೇ ತಿಳಿಯದೆ ಗೀಸರ್ ಸರಿಯಾದ ಬಿಸಿಗೆ ಬಂದು ನಿಲ್ಲುತ್ತದೆ. ಕಾರಣಗಳನ್ನು ಅಳೆಯುವ ಗೋಜಿಗೆ ಹೋಗದೆ ಫಲವೊಂದನ್ನೇ ಅಳೆಯುವುದು ಫೀಡ್‌ಬ್ಯಾಕ್‌ನ ದೊಡ್ಡ ಲಾಭ.

ಸಾಮಾನ್ಯ ಮನೆಯ 15 ಲೀಟರಿನ, 2000 ವಾಟ್‌ನ ಗೀಸರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದರಲ್ಲಿ ನೀರಿನ ಉಷ್ಣತೆ ನಿಮಿಷಕ್ಕೆ ಸುಮಾರು 1.9 ಡಿಗ್ರಿಯಂತೆ ಏರುತ್ತದೆ. 25 ಡಿಗ್ರಿಯ ನೀರು 60ಕ್ಕೆ ಬರಲು ಹದಿನೆಂಟು ನಿಮಿಷ ಬೇಕು. ಥರ್ಮೋಸ್ಟಾಟ್‌ಗೆ ಗೊತ್ತಿರುವುದು ಎರಡೇ ಸ್ಥಿತಿ. 60 ಮುಟ್ಟಿದರೆ ಕರೆಂಟು ಕಡಿ, ಕೆಳಗಿಳಿದರೆ ಮತ್ತೆ ಕೊಡು. ಇಲ್ಲೊಂದು ತೊಡಕಿದೆ. ಕಡಿಯುವುದೂ ಕೊಡುವುದೂ ಸರಿಯಾಗಿ 60ರಲ್ಲೇ ಆದರೆ, ನೀರು ಕೂದಲೆಳೆಯಷ್ಟು ತಣ್ಣಗಾದ ಕೂಡಲೇ ಕರೆಂಟು ಬರುತ್ತದೆ, ಕೂದಲೆಳೆಯಷ್ಟು ಬಿಸಿಯಾದ ಕೂಡಲೇ ಹೋಗುತ್ತದೆ. ಸ್ವಿಚ್ಚು ನಿಮಿಷಕ್ಕೆ ಹತ್ತಾರು ಸಲ ಟಕಟಕ ಎನ್ನುತ್ತದೆ. ಪ್ರತಿ ಸಲವೂ ಹಾರುವ ಸಣ್ಣ ಕಿಡಿಗೆ ಅದರ ಲೋಹದ ಬಿಂದುಗಳು ಸುಟ್ಟು ಕೆಲವೇ ದಿನಗಳಲ್ಲಿ ಹಾಳಾಗುತ್ತವೆ. ಆದ್ದರಿಂದ ತಯಾರಕರು ಬೇಕೆಂದೇ ಒಂದು ಎಡೆ ಬಿಡುತ್ತಾರೆ. 60ರಲ್ಲಿ ಕಡಿದರೆ ಮತ್ತೆ ಕೊಡುವುದು 55ರಲ್ಲಿ ಎಂದಿಟ್ಟುಕೊಳ್ಳೋಣ. ಈ ಎಡೆಗೆ ಹಿಸ್ಟರಿಸಿಸ್ ಎನ್ನುತ್ತಾರೆ. ಆಗ ಕಾಯಿಲ್ ಎರಡೂವರೆ ನಿಮಿಷ ಉರಿಯುತ್ತದೆ, ನೀರು ಬಳಸದೆ ಬಿಟ್ಟರೆ ಗಂಟೆಗಟ್ಟಲೆ ಸುಮ್ಮನಿರುತ್ತದೆ. ನೀರಿನ ಬಿಸಿ ಐದು ಡಿಗ್ರಿಯಷ್ಟು ಹೊಯ್ದಾಡಿದರೂ ಸ್ನಾನಕ್ಕೆ ಅಡ್ಡಿಯಿಲ್ಲ. ನಿಖರತೆಯನ್ನು ಸ್ವಲ್ಪ ಬಿಟ್ಟುಕೊಟ್ಟು ಬಾಳಿಕೆಯನ್ನು ಕೊಂಡ ಹಾಗಾಯಿತು. ಎಂಜಿನಿಯರುಗಳು ದಿನವೂ ಮಾಡುವ ವ್ಯಾಪಾರ ಇದು.

ಥರ್ಮೋಸ್ಟಾಟ್‌ನ ಇನ್ನೊಂದು ಗುಣ ಇಸ್ತ್ರಿ ಪೆಟ್ಟಿಗೆಯಲ್ಲಿ ಕಣ್ಣಿಗೇ ಕಾಣುತ್ತದೆ. ಅದರೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಪಟ್ಟಿಯಿರುತ್ತದೆ. ಬಿಸಿಗೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ. ಆದರೆ ಪೆಟ್ಟಿಗೆಯ ತಳ ಕಾದ ಮೇಲೆ ಆ ಬಿಸಿ ಪಟ್ಟಿಗೆ ತಲುಪಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ತಣ್ಣಗಿದ್ದ ಪೆಟ್ಟಿಗೆಗೆ ಸ್ವಿಚ್ಚು ಹಾಕಿದಾಗ ತಳ ರಭಸದಿಂದ ಕಾಯುತ್ತಿರುತ್ತದೆ, ಪಟ್ಟಿ ಹಿಂದೆ ಬಿದ್ದಿರುತ್ತದೆ. ಪಟ್ಟಿಗೆ ಸುದ್ದಿ ಮುಟ್ಟಿ ದೀಪ ಆರುವಷ್ಟರಲ್ಲಿ ತಳ ಗುರಿ ದಾಟಿರುತ್ತದೆ. ನಾಜೂಕಾದ ರೇಷ್ಮೆ ಸೀರೆಗೆ ದೀಪ ಮೊದಲ ಸಲ ಆರಿದ ಕೂಡಲೇ ಪೆಟ್ಟಿಗೆ ಇಡದೆ, ಅದು ಮತ್ತೆ ಹೊತ್ತಿ ಆರುವವರೆಗೆ ಕಾಯುವುದು ಕ್ಷೇಮ. ಅಳತೆ ತಡವಾದರೆ ತಿದ್ದುಪಡಿಯೂ ತಡವಾಗುತ್ತದೆ, ಆಗ ಗುರಿ ತಪ್ಪಿ ಮುಂದೆ ಹೋಗುತ್ತದೆ. ಮುಂದೆ ಬರುವ ಕಾರು ಮತ್ತು ಸೈಕಲ್ ಎರಡರಲ್ಲೂ ಮುಖ್ಯ ತೊಂದರೆ ಇದೇ.

ಗೀಸರ್‌ನಲ್ಲಿ ಈ ತಡ ಅಷ್ಟಾಗಿ ಕಾಡುವುದಿಲ್ಲ. ನಿಮಿಷಕ್ಕೆ ಎರಡು ಡಿಗ್ರಿಯೂ ಏರದ ನೀರಿಗೆ ಹತ್ತು ಸೆಕೆಂಡು ತಡವಾದರೆ ಅರ್ಧ ಡಿಗ್ರಿಯೊಳಗಿನ ವ್ಯತ್ಯಾಸವಷ್ಟೆ. ಅಲ್ಲಿ ನಿಜವಾದ ಅಪಾಯ ಬೇರೆ. ಸಂಪರ್ಕ ಬಿಂದುಗಳು ಬೆಸೆದುಕೊಂಡು ಸ್ವಿಚ್ಚು ಬಿಡಿಸಿಕೊಳ್ಳದೆ ಹೋದರೆ ಗೀಸರ್ ಮತ್ತೆ ಬರೀ ಕಾಯಿಲ್ ಆಗಿಬಿಡುತ್ತದೆ, ಅದೂ ಮುಚ್ಚಿದ ಟ್ಯಾಂಕಿನೊಳಗೆ. ಇದಕ್ಕಾಗಿಯೇ ಥರ್ಮೋಸ್ಟಾಟ್‌ನ ಹಂಗಿಲ್ಲದ ಇನ್ನೊಂದು ಕಟ್‌ಔಟ್ ಮತ್ತು ಒತ್ತಡ ಬಿಡುವ ವಾಲ್ವ್ ಇರುತ್ತವೆ. ಗೀಸರ್ ನೀರು ಸುಡುವಷ್ಟು ಬಿಸಿಯಾಗಿ ಬರತೊಡಗಿದರೆ, ದೀಪ ಆರುವುದನ್ನೇ ನಿಲ್ಲಿಸಿದರೆ ಥರ್ಮೋಸ್ಟಾಟ್ ಕೆಟ್ಟಿದೆ ಎಂದೇ ತಿಳಿಯಬೇಕು.

ಕಾರಿನ ವೇಗಕ್ಕೆ ಈ ಎರಡೇ ಸ್ಥಿತಿಯ ಉಪಾಯ ನಡೆಯುವುದಿಲ್ಲ. ಗಂಟೆಗೆ 80 ಕಿಲೋಮೀಟರಿಗಿಂತ ಕಡಿಮೆಯಾದರೆ ಆಕ್ಸಿಲರೇಟರ್ ಪೂರ್ತಿ ಒತ್ತುವುದು, ಹೆಚ್ಚಾದರೆ ಪೂರ್ತಿ ಬಿಡುವುದು ಎಂದರೆ ಒಳಗೆ ಕೂತವರ ಕತ್ತು ಉಳುಕುತ್ತದೆ. ವೇಗವನ್ನು ಯಂತ್ರವೇ ಕಾಯುವ ಯೋಚನೆ ಹೊಸದಲ್ಲ. ಜೇಮ್ಸ್ ವಾಟ್ 1788ರಲ್ಲೇ ಉಗಿಯಂತ್ರಕ್ಕೆ ಗವರ್ನರ್ ಜೋಡಿಸಿದ್ದ. ಯಂತ್ರದ ಜೊತೆ ಸುತ್ತುವ ಎರಡು ಗುಂಡುಗಳು ವೇಗ ಹೆಚ್ಚಿದಂತೆ ಹೊರಕ್ಕೆ ಹಾರಿ ಉಗಿಯ ದಾರಿಯನ್ನು ಕಿರಿದು ಮಾಡುತ್ತಿದ್ದವು. ಕಾರಿಗೆ ಇಂಥದೊಂದನ್ನು ಒಗ್ಗಿಸಿ 1950ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಇಂಡಿಯಾನಾ ರಾಜ್ಯದ ರಾಲ್ಫ್ ಟೀಟರ್. ಬಾಲ್ಯದಲ್ಲೇ ಅಪಘಾತದಿಂದ ಎರಡೂ ಕಣ್ಣು ಕಳೆದುಕೊಂಡಿದ್ದ ಎಂಜಿನಿಯರ್ ಅವರು. ಕಾರು ಓಡಿಸದವರೊಬ್ಬರು ಚಾಲಕರ ಕಾಲಿಗೆ ಬಿಡುವು ಕೊಟ್ಟರು. 1958ರಲ್ಲಿ ಕ್ರೈಸ್ಲರ್ ಕಂಪನಿ ಅದನ್ನು ತನ್ನ ಇಂಪೀರಿಯಲ್ ಕಾರಿನಲ್ಲಿ ಮಾರಾಟಕ್ಕೆ ತಂದಿತು.

ಅದರ ಒಳಗುಟ್ಟು ತಿಳಿಯಲು ಒಂದು ಕಾರನ್ನು ಕಲ್ಪಿಸಿಕೊಳ್ಳಬೇಕು. ಜನ, ಸಾಮಾನು ಸೇರಿ ತೂಕ 1000 ಕಿಲೋ. ಸಮತಟ್ಟಾದ ರಸ್ತೆಯಲ್ಲಿ 80ರ ವೇಗದಲ್ಲಿ ಹೋಗುತ್ತಿದೆ, ಎಂಜಿನ್ ಕೊಡುವ ಬಲವೂ ಗಾಳಿ ಮತ್ತು ರಸ್ತೆ ಒಡ್ಡುವ ತಡೆಯೂ ಸರಿಸಮವಾಗಿವೆ. ಈಗ ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ದಿಬ್ಬ ಬಂತು. ಕಾರನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 400 ನ್ಯೂಟನ್ ಹೆಚ್ಚಾಯಿತು. ಯಾರೂ ಏನೂ ಮಾಡದಿದ್ದರೆ ಶುರುವಿನಲ್ಲಿ ವೇಗ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿನಂತೆ ಕುಸಿಯುತ್ತದೆ.

ಮೊದಲು ಹೊಳೆಯುವ ಉಪಾಯ, ವೇಗ ಎಷ್ಟು ಕಡಿಮೆಯಾಗಿದೆಯೋ ಅದಕ್ಕೆ ತಕ್ಕಷ್ಟು ಬಲ ಹೆಚ್ಚಿಸುವುದು. ಪ್ರತಿ ಒಂದು ಕಿಲೋಮೀಟರ್ ಕೊರತೆಗೆ 50 ನ್ಯೂಟನ್ ಎಂದು ನಿಗದಿ ಮಾಡೋಣ. ದಿಬ್ಬದ 400 ನ್ಯೂಟನ್‌ಗೆ ಎದುರು ನಿಲ್ಲಲು ಎಂಟು ಕಿಲೋಮೀಟರ್ ಕೊರತೆ ಬೇಕು. ಅಂದರೆ ವೇಗ 72ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಚಾಲಕ 80 ಕೇಳಿದ್ದಾನೆ, ಕಾರು 72ರಲ್ಲಿ ನೆಮ್ಮದಿಯಾಗಿದೆ. ಇದು ಯಂತ್ರದ ದೋಷವಲ್ಲ, ನಿಯಮದ ದೋಷ. ಕೊರತೆ ಇದ್ದರಷ್ಟೇ ಹೆಚ್ಚಿನ ಬಲ ಎಂಬ ನಿಯಮದಲ್ಲಿ, ಬಲ ಬೇಕಿರುವವರೆಗೂ ಕೊರತೆ ಉಳಿಯಲೇಬೇಕು. 50ರ ಬದಲು 100 ಮಾಡಿದರೆ ಕೊರತೆ ನಾಲ್ಕಕ್ಕೆ ಇಳಿಯುತ್ತದೆ, 200 ಮಾಡಿದರೆ ಎರಡಕ್ಕೆ. ಸೊನ್ನೆಗೆ ಎಂದೂ ಬರುವುದಿಲ್ಲ. ಪಠ್ಯಪುಸ್ತಕಗಳು ಇದನ್ನು ಅನುಪಾತ ನಿಯಂತ್ರಣ ಎನ್ನುತ್ತವೆ.

ಉಳಿದ ಕೊರತೆಯನ್ನು ತೀರಿಸಲು ಯಂತ್ರಕ್ಕೆ ನೆನಪು ಬೇಕು. ಕೊರತೆ ಎಷ್ಟಿದೆ ಎಂಬುದರ ಜೊತೆಗೆ ಎಷ್ಟು ಹೊತ್ತಿನಿಂದ ಇದೆ ಎಂಬುದನ್ನೂ ಕೂಡಿಸುತ್ತ ಹೋಗಬೇಕು. ಒಂದು ಕಿಲೋಮೀಟರ್ ಕೊರತೆ ಒಂದು ಸೆಕೆಂಡು ಇದ್ದರೆ ಖಾತೆಗೆ 2 ನ್ಯೂಟನ್ ಜಮಾ ಆಗಲಿ. ದಿಬ್ಬ ಹತ್ತುವಾಗ ಖಾತೆ ನಿಧಾನವಾಗಿ ಬೆಳೆಯುತ್ತದೆ. ಹನ್ನೊಂದು ಸೆಕೆಂಡಿನ ಹೊತ್ತಿಗೆ ವೇಗ 74ರ ಆಸುಪಾಸಿಗೆ ಇಳಿದು, ಅಲ್ಲಿಂದ ಮೇಲೇಳುತ್ತದೆ. ಐವತ್ತು ಸೆಕೆಂಡಿಗೆ 79ರ ಸಮೀಪ ಬರುತ್ತದೆ, ಕೊನೆಗೆ 80ಕ್ಕೇ ಬಂದು ನಿಲ್ಲುತ್ತದೆ. ಆಗ ಕೊರತೆ ಸೊನ್ನೆ, ಆದರೆ ಖಾತೆಯಲ್ಲಿ 400 ನ್ಯೂಟನ್ ಕೂತಿದೆ. ಕೊರತೆಯಿಲ್ಲದೆಯೂ ಬಲ ಸಿಗುವ ದಾರಿ ಹೀಗೆ ತೆರೆಯಿತು. ಇದು ಸಂಕಲನ ನಿಯಂತ್ರಣ, ಇಂಟಿಗ್ರೇಷನ್ ಕಲಿಯುತ್ತಿರುವ ವಿದ್ಯಾರ್ಥಿಗೆ ಅದರ ಅತ್ಯಂತ ಉಪಯುಕ್ತ ಬಳಕೆಗಳಲ್ಲೊಂದು.

ಐವತ್ತು ಸೆಕೆಂಡು ಕಾಯುವುದು ಏಕೆ, ಜಮಾ ದರವನ್ನೇ ಹೆಚ್ಚಿಸಬಾರದೇ ಎಂದು ತಾಳ್ಮೆ ಇಲ್ಲದವರಿಗೆ ಅನಿಸುತ್ತದೆ. ದರವನ್ನು 2ರಿಂದ 40ಕ್ಕೆ ಏರಿಸಿದರೆ ವೇಗ 77ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಆದರೆ ಅದು 80ರಲ್ಲಿ ನಿಲ್ಲದೆ 81 ದಾಟುತ್ತದೆ, ಮತ್ತೆ 79ರತ್ತ ಇಳಿಯುತ್ತದೆ, ಹೀಗೆ ಹದಿನೇಳು ಸೆಕೆಂಡಿಗೊಂದು ಸುತ್ತಿನಂತೆ ತೂಗುತ್ತ ನಿಧಾನವಾಗಿ ಶಾಂತವಾಗುತ್ತದೆ. ಇದೂ ಎಂಜಿನ್ ತಕ್ಷಣ ಸ್ಪಂದಿಸಿದರೆ ಮಾತ್ರ. ನಿಜವಾದ ಎಂಜಿನ್‌ನಲ್ಲಿ ಥ್ರಾಟಲ್ ತೆರೆದ ಮೇಲೆ ಗಾಳಿ ತುಂಬಿ, ಗೇರು ಬದಲಾಗಿ, ಬಲ ಚಕ್ರಕ್ಕೆ ಮುಟ್ಟುವಷ್ಟರಲ್ಲಿ ಹೊತ್ತು ಕಳೆಯುತ್ತದೆ. ಇದೇ ಲೆಕ್ಕದಲ್ಲಿ ಆ ತಡ ಒಂದು ಸೆಕೆಂಡಾದರೆ ತೂಗಾಟ ಕಡಿಮೆಯಾಗುವುದೇ ಕಷ್ಟ. 1.2 ಸೆಕೆಂಡಾದರೆ ಅದು ಸುತ್ತಿನಿಂದ ಸುತ್ತಿಗೆ ಬೆಳೆಯತೊಡಗುತ್ತದೆ. ದರ 2ರಲ್ಲೇ ಇದ್ದಿದ್ದರೆ ಐದು ಸೆಕೆಂಡಿನ ತಡವನ್ನೂ ಕಾರು ತಾಳಿಕೊಳ್ಳುತ್ತಿತ್ತು. ತಿದ್ದುವ ಆತುರ ಹೆಚ್ಚಿದಷ್ಟೂ ತಡವನ್ನು ಸಹಿಸುವ ಶಕ್ತಿ ಕುಗ್ಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಗವರ್ನರ್‌ಗಳಲ್ಲಿ ಈ ತೂಗಾಟವನ್ನೇ ಕಂಡು ತಲೆ ಕೆಡಿಸಿಕೊಂಡಿದ್ದರು. ಯಂತ್ರ ಒಮ್ಮೆ ಓಡುವುದು, ಒಮ್ಮೆ ಕುಂಟುವುದು. ವಿದ್ಯುತ್ಕಾಂತ ಸಿದ್ಧಾಂತಕ್ಕೆ ಹೆಸರಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರ್‌ಗಳ ಬಗ್ಗೆ ಒಂದು ಪ್ರಬಂಧ ಬರೆದು, ಯಾವ ಸಂದರ್ಭದಲ್ಲಿ ತೂಗಾಟ ತಣಿಯುತ್ತದೆ, ಯಾವಾಗ ಬೆಳೆಯುತ್ತದೆ ಎಂಬುದನ್ನು ಗಣಿತದಿಂದ ಹೇಳಬಹುದು ಎಂದು ತೋರಿಸಿದರು. ನಿಯಂತ್ರಣ ಸಿದ್ಧಾಂತದ ಆರಂಭವನ್ನು ಹಲವರು ಅಲ್ಲಿಂದ ಎಣಿಸುತ್ತಾರೆ.

ನೆನಪಿಟ್ಟುಕೊಳ್ಳುವ ಖಾತೆಗೆ ಇನ್ನೊಂದು ರೋಗವಿದೆ. ಕಡಿದಾದ ಘಾಟಿಯಲ್ಲಿ ಥ್ರಾಟಲ್ ಪೂರ್ತಿ ತೆರೆದರೂ ಕಾರು 60ಕ್ಕಿಂತ ಮೇಲೇರಲಿಲ್ಲ ಎನ್ನೋಣ. ಇಪ್ಪತ್ತು ಕಿಲೋಮೀಟರ್ ಕೊರತೆ ಸೆಕೆಂಡಿಗೆ ಸೆಕೆಂಡು ಜಮಾ ಆಗುತ್ತಲೇ ಹೋಗುತ್ತದೆ. ಎಂಜಿನ್ ಕೊಡಲಾಗದಷ್ಟು ಬಲ ಖಾತೆಯಲ್ಲಿ ಬರೆದಿರುತ್ತದೆ. ಘಾಟಿ ಮುಗಿದ ಮೇಲೂ ಆ ಬಾಕಿ ತೀರುವವರೆಗೆ ಥ್ರಾಟಲ್ ತೆರೆದೇ ಇದ್ದು, ಕಾರು 80 ದಾಟಿ ನುಗ್ಗುತ್ತದೆ. ಥ್ರಾಟಲ್ ಪೂರ್ತಿ ತೆರೆದಿದ್ದಾಗ ಜಮಾ ನಿಲ್ಲಿಸು ಎಂಬ ಒಂದು ಸಾಲಿನ ಸೂಚನೆ ಇದಕ್ಕೆ ಮದ್ದು. ಪ್ರಯೋಗಾಲಯದಲ್ಲಿ ಮೊದಲ ಸಲ ನಿಯಂತ್ರಕ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಾಲೂ ಅದೇ. ಇಳಿಜಾರಿನ ಸಮಸ್ಯೆಗೆ ಮಾತ್ರ ಸೂಚನೆಯಿಂದ ಪರಿಹಾರವಿಲ್ಲ. ಬ್ರೇಕಿಗೆ ಕೈಹಾಕದ ಹಳೆಯ ಮಾದರಿಯ ಕ್ರೂಸ್ ಕಂಟ್ರೋಲ್ ಥ್ರಾಟಲನ್ನು ಪೂರ್ತಿ ಮುಚ್ಚಬಲ್ಲದು, ಅಷ್ಟೆ. ಇಳಿಜಾರು ಕಡಿದಾಗಿದ್ದರೆ ಕಾರು ಗುರಿ ಮೀರುವುದನ್ನು ಅದು ನೋಡುತ್ತಿರಬೇಕಾಗುತ್ತದೆ.

ಗೀಸರಿಗೂ ಕಾರಿಗೂ ಒಂದು ಸುಖವಿದೆ. ನಿಯಂತ್ರಣ ಕೈಕೊಟ್ಟರೆ ನೀರು ತಾನಾಗಿ ತಣ್ಣಗಾಗುತ್ತದೆ, ಸಮತಟ್ಟು ರಸ್ತೆಯಲ್ಲಿ ಕಾರು ತಾನಾಗಿ ನಿಧಾನವಾಗುತ್ತದೆ. ಸೈಕಲ್ ಹಾಗಲ್ಲ. ಬಿಟ್ಟರೆ ಬೀಳುವುದೇ ಅದರ ಸ್ವಭಾವ, ಬಿದ್ದಷ್ಟೂ ಬೀಳುವ ರಭಸ ಹೆಚ್ಚುತ್ತದೆ. ಸವಾರನೂ ಸೇರಿ ಭಾರದ ಕೇಂದ್ರ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿದ್ದರೆ, ಹ್ಯಾಂಡಲ್ ಅಲ್ಲಾಡಿಸದೆ ಬಿಟ್ಟಾಗ ವಾಲುವಿಕೆ ಹೆಚ್ಚುಕಡಿಮೆ ಕಾಲು ಸೆಕೆಂಡಿಗೊಮ್ಮೆ ದುಪ್ಪಟ್ಟಾಗುತ್ತದೆ. ಒಂದು ಡಿಗ್ರಿಯ ವಾಲು ಒಂದು ಸೆಕೆಂಡಿನಲ್ಲಿ ಹತ್ತು ಡಿಗ್ರಿ ಮೀರುತ್ತದೆ. ಮನುಷ್ಯ ಕಂಡದ್ದಕ್ಕೆ ಸ್ಪಂದಿಸಲು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಎಂದರೆ ತಡಕ್ಕೂ ಬೀಳುವಿಕೆಗೂ ನಡುವೆ ಇರುವ ಎಡೆ ಬಹಳ ಕಿರಿದು.

ಸೈಕಲ್ ಬೀಳದಂತೆ ಉಳಿಸುವುದು ಮುಖ್ಯವಾಗಿ ಹ್ಯಾಂಡಲ್. ಎಡಕ್ಕೆ ವಾಲಿದರೆ ಹ್ಯಾಂಡಲನ್ನೂ ಎಡಕ್ಕೇ ತಿರುಗಿಸಬೇಕು. ಆಗ ಚಕ್ರಗಳು ಎಡಕ್ಕೆ ಸರಿದು ವಾಲಿದ ದೇಹದ ಅಡಿಗೆ ಬರುತ್ತವೆ, ಸೈಕಲ್ ನೆಟ್ಟಗಾಗುತ್ತದೆ. ಹೊಸದಾಗಿ ಕಲಿಯುವ ಮಗು ಭಯದಿಂದ ಇದಕ್ಕೆ ವಿರುದ್ಧವಾಗಿ ಬಲಕ್ಕೆ ತಿರುಗಿಸಿದರೆ ಚಕ್ರ ಇನ್ನೂ ದೂರ ಹೋಗಿ ಕ್ಷಣದಲ್ಲಿ ನೆಲ ಕಾಣುತ್ತದೆ. ಅಳತೆ ಸರಿಯಿದೆ, ಹೋಲಿಕೆ ಸರಿಯಿದೆ, ತಿದ್ದುಪಡಿಯ ಚಿಹ್ನೆ ಮಾತ್ರ ತಲೆಕೆಳಗು. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ತಿರುಗುವಂತೆ ಗೇರು ಕೂರಿಸಿದ ಸೈಕಲನ್ನು ಕೊಟ್ಟರೆ, ವರ್ಷಗಟ್ಟಲೆ ಸವಾರಿ ಮಾಡಿದವರೂ ಕೆಲವು ಅಡಿ ಹೋಗಲಾರರು. ಪ್ರಯೋಗಾಲಯದಲ್ಲೂ ಮೋಟರಿನ ಎರಡು ತಂತಿ ಅದಲುಬದಲಾದರೆ ಆಗುವುದು ಇದೇ: ಸ್ವಿಚ್ಚು ಹಾಕಿದ ಕೂಡಲೇ ಯಂತ್ರ ಗುರಿಯಿಂದ ದೂರಕ್ಕೆ ಓಡಿ ಒಂದು ತುದಿಗೆ ಹೋಗಿ ಬಡಿಯುತ್ತದೆ. ತೂಗಾಟವಿಲ್ಲದೆ ಒಂದೇ ದಿಕ್ಕಿಗೆ ಓಡಿದರೆ ಮೊದಲು ಚಿಹ್ನೆಯನ್ನು ನೋಡಬೇಕು.

ಹ್ಯಾಂಡಲ್ ಎಷ್ಟು ತಿರುಗಿಸಬೇಕು ಎಂಬುದು ವೇಗದ ಮೇಲೆ ನಿಂತಿದೆ, ಅದೂ ವೇಗದ ವರ್ಗದ ಮೇಲೆ. ಎರಡು ಚಕ್ರಗಳ ನಡುವೆ ಒಂದು ಮೀಟರ್ ಅಂತರವಿರುವ ಸೈಕಲ್ ಒಂದು ಡಿಗ್ರಿ ವಾಲಿದಾಗ, ಇನ್ನಷ್ಟು ವಾಲದಂತೆ ತಡೆಯಲು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ 0.4 ಡಿಗ್ರಿ ತಿರುಗಿಸಿದರೆ ಸಾಕು. ವೇಗ 7 ಕಿಲೋಮೀಟರಿಗೆ ಇಳಿದರೆ ಎರಡೂವರೆ ಡಿಗ್ರಿ ಬೇಕು. ನಡಿಗೆಗಿಂತಲೂ ನಿಧಾನವಾದ 3.6 ಕಿಲೋಮೀಟರಿನಲ್ಲಿ ಹತ್ತು ಡಿಗ್ರಿ. ಶಾಲಾ ಕ್ರೀಡಾಕೂಟದ ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಹ್ಯಾಂಡಲ್‌ಗಳು ಅತ್ತಿಂದಿತ್ತ ಹುಚ್ಚೆದ್ದು ತಿರುಗುವುದು ಇದಕ್ಕೇ. ಅಲ್ಲಿ ಐದು ಡಿಗ್ರಿ ವಾಲಿದವನಿಗೆ ಐವತ್ತು ಡಿಗ್ರಿ ತಿರುಗಿಸಬೇಕಾಗುತ್ತದೆ. ಅಷ್ಟರಲ್ಲಿ ಕಾಲು ನೆಲಕ್ಕೆ ತಾಗಿರುತ್ತದೆ.

ಬೇಗ ಬೀಳುವ ವಸ್ತುವನ್ನು ತಡವಾಗಿ ಸ್ಪಂದಿಸುವ ಮನುಷ್ಯ ಹೇಗೆ ಹಿಡಿದು ನಿಲ್ಲಿಸುತ್ತಾನೆ? ವಾಲಿದ್ದು ಎಷ್ಟು ಎಂಬುದನ್ನಷ್ಟೇ ನೋಡುತ್ತಿದ್ದರೆ ಸಾಧ್ಯವಿಲ್ಲ. ನುರಿತ ಸವಾರ ವಾಲುವ ವೇಗವನ್ನೂ ಗಮನಿಸುತ್ತಾನೆ. ಒಳಕಿವಿ ಅದನ್ನು ಅವನಿಗೆ ತಿಳಿಸುತ್ತಿರುತ್ತದೆ. ಅರ್ಧ ಡಿಗ್ರಿಯೇ ವಾಲಿದ್ದರೂ ರಭಸ ಜೋರಾಗಿದ್ದರೆ ಈಗಲೇ ಹೆಚ್ಚು ತಿರುಗಿಸುತ್ತಾನೆ. ಎರಡು ಡಿಗ್ರಿ ವಾಲಿದ್ದರೂ ಸೈಕಲ್ ಆಗಲೇ ಮೇಲೇಳುತ್ತಿದ್ದರೆ ಕೈ ಸಡಿಲಿಸುತ್ತಾನೆ. ಸಂಕಲನ ಹಿಂದಿನದನ್ನು ಕೂಡಿಸಿದರೆ ಇದು ಮುಂದಿನದನ್ನು ಊಹಿಸುತ್ತದೆ. ಗಣಿತದಲ್ಲಿ ಇದು ಡಿಫರೆನ್ಷಿಯೇಷನ್. ಕಲಿಕೆ ಮುಗಿದ ಮೇಲೆ ಇದೆಲ್ಲ ಕೈಗೆ ಎಷ್ಟು ಒಗ್ಗುತ್ತದೆಂದರೆ, ಬಲಕ್ಕೆ ಹೊರಳಬೇಕಾದಾಗ ಮೊದಲು ಹ್ಯಾಂಡಲ್ ಒಂದು ಚೂರು ಎಡಕ್ಕೆ ಹೋಗುತ್ತದೆ ಎಂಬುದೇ ಸವಾರನಿಗೆ ತಿಳಿದಿರುವುದಿಲ್ಲ. ಎಡಕ್ಕೆ ತಿರುಗಿಸಿದರೆ ತಾನೇ ಸೈಕಲ್ ಬಲಕ್ಕೆ ವಾಲುವುದು, ವಾಲಿದರೆ ತಾನೇ ಬಲಕ್ಕೆ ತಿರುಗಲು ಬರುವುದು. ಖಾಲಿ ರಸ್ತೆಯಲ್ಲಿ ಸಾಧಾರಣ ವೇಗದಲ್ಲಿ ಹೋಗುವಾಗ ಬಲಗೈ ಹಿಡಿಯನ್ನು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಒತ್ತಿ ನೋಡಿದರೆ ಸೈಕಲ್ ಬಲಕ್ಕೇ ಹೊರಳುವುದು ತಿಳಿಯುತ್ತದೆ.

ಸವಾರನಿಲ್ಲದ ಸೈಕಲನ್ನು ಜೋರಾಗಿ ತಳ್ಳಿಬಿಟ್ಟರೂ ಅದು ಸ್ವಲ್ಪ ದೂರ ಬೀಳದೆ ಓಡುತ್ತದೆ. ಲೆಕ್ಕಕ್ಕೆಂದು ಸಂಶೋಧಕರು ಬಳಸುವ ಒಂದು ಮಾದರಿ ಸೈಕಲ್ ಗಂಟೆಗೆ ಸುಮಾರು 15ರಿಂದ 22 ಕಿಲೋಮೀಟರ್ ವೇಗದ ನಡುವೆ ತನ್ನಷ್ಟಕ್ಕೆ ನೆಟ್ಟಗಿರುತ್ತದೆ. ಸುತ್ತುವ ಚಕ್ರಗಳ ಬುಗುರಿ ಗುಣದಿಂದಲೇ ಹೀಗಾಗುತ್ತದೆ ಎಂಬ ವಿವರಣೆ ಇಂದಿಗೂ ಹಲವು ತರಗತಿಗಳಲ್ಲಿ ಕೇಳಿಬರುತ್ತದೆ. 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ ಅದಷ್ಟೇ ಕಾರಣವಲ್ಲ ಎಂದು ತೋರಿಸಿತು. ಎದುರು ದಿಕ್ಕಿಗೆ ತಿರುಗುವ ಜೊತೆಚಕ್ರ ಜೋಡಿಸಿ ಬುಗುರಿ ಗುಣವನ್ನು ಅಳಿಸಿಹಾಕಿದ ಪುಟ್ಟ ಸೈಕಲ್ ಕೂಡ ತಾನೇ ನಿಂತು ಓಡಿತು. ಮುಂಭಾಗದ ಭಾರವನ್ನು ಹಂಚಿದ್ದ ರೀತಿಯಿಂದಾಗಿ ವಾಲಿದ ಕೂಡಲೇ ಹ್ಯಾಂಡಲ್ ತಾನಾಗಿ ಅದೇ ಕಡೆಗೆ ತಿರುಗುತ್ತಿತ್ತು. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಫೀಡ್‌ಬ್ಯಾಕ್ ಸೈಕಲ್‌ನ ಆಕಾರದಲ್ಲೇ ಅಡಗಿತ್ತು.

ಅಂತರಕ್ಕೆ ತಕ್ಕಷ್ಟು ತಿದ್ದುವುದು, ಹಳೆಯ ಬಾಕಿಯನ್ನು ಕೂಡಿಸುವುದು, ಬದಲಾವಣೆಯ ವೇಗವನ್ನು ನೋಡುವುದು ಎಂಬ ಮೂರೂ ಸೇರಿದ ನಿಯಂತ್ರಕಕ್ಕೆ ಪಿಐಡಿ ಎಂದು ಹೆಸರು. ಇದನ್ನು ಗಣಿತದಲ್ಲಿ ಇಟ್ಟವರು ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ನಿಕೊಲಸ್ ಮಿನೋರ್ಸ್ಕಿ. ಹಡಗಿನ ಚುಕ್ಕಾಣಿ ಹಿಡಿದವರು ದಿಕ್ಕು ಎಷ್ಟು ತಪ್ಪಿದೆ ಎಂಬುದನ್ನಲ್ಲದೆ, ತಪ್ಪು ಬೆಳೆಯುತ್ತಿದೆಯೇ, ಬಿಡದೆ ಉಳಿದಿದೆಯೇ ಎಂಬುದನ್ನೂ ನೋಡುತ್ತಾರೆಂದು ಗಮನಿಸಿ, 1922ರಲ್ಲಿ ಅವರು ತಮ್ಮ ಪ್ರಬಂಧ ಪ್ರಕಟಿಸಿದರು. ಮೂರನೆಯ ಅಂಶಕ್ಕೆ ಒಂದು ದೌರ್ಬಲ್ಯವಿದೆ. ಸೆನ್ಸರಿನ ಅಳತೆಯಲ್ಲಿ ಸಣ್ಣ ನಡುಕವಿದ್ದರೂ ಅದು ಆ ನಡುಕವನ್ನೇ ದೊಡ್ಡ ಬದಲಾವಣೆ ಎಂದು ಭ್ರಮಿಸಿ ವಾಲ್ವ್ ಮತ್ತು ಮೋಟರುಗಳನ್ನು ಸುಮ್ಮಸುಮ್ಮನೆ ಅಲುಗಾಡಿಸುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಉಷ್ಣತೆ, ಒತ್ತಡ, ಹರಿವುಗಳನ್ನು ಕಾಯುವ ಬಹುಪಾಲು ಪಿಐಡಿ ನಿಯಂತ್ರಕಗಳಲ್ಲಿ ಅದನ್ನು ಸೊನ್ನೆಗೆ ಇಟ್ಟು, ಮೊದಲ ಎರಡರಲ್ಲೇ ಕೆಲಸ ನಡೆಸುತ್ತಾರೆ.